ನೋಟಿಸ್ ಅವಧಿಗೆ ಮುಂಚೆ ಬಿಡುಗಡೆ ಕೋರಿದ ನಿಮ್ಮ ಅರ್ಜಿಗೆ ಉತ್ತರ

ಪೀಣ್ಯ, ಬೆಂಗಳೂರು
17 ಜೂನ್ 2025, ಮಂಗಳವಾರ

ಗೆ,
ರೇಖಾ ಅವರಿಗೆ
ಹಿರಿಯ ಲೆಕ್ಕಪತ್ರ ಸಹಾಯಕಿ

ರೇಖಾ ಅವರೇ,

ನಿಮ್ಮ ಜೂನ್ 6ರ ರಾಜೀನಾಮೆ ಪತ್ರವನ್ನೂ, ಜೂನ್ 30ಕ್ಕೇ ಬಿಡುಗಡೆ ಮಾಡಿ ಎಂದು ಕೇಳಿದ ಜೂನ್ 12ರ ಪತ್ರವನ್ನೂ ಎಂ.ಡಿ. ಅವರ ಮುಂದೆ ಇಟ್ಟು ಮಾತಾಡಿದ್ದೇನೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಜೂನ್ 30ಕ್ಕೆ ಆಗುವುದಿಲ್ಲ. ಜುಲೈ 11, ಶುಕ್ರವಾರ ಸಂಜೆ ನಿಮ್ಮನ್ನು ಬಿಡುಗಡೆ ಮಾಡಲು ಒಪ್ಪಿದ್ದೇವೆ. ಅದಕ್ಕೆ ಕೆಲವು ಷರತ್ತುಗಳಿವೆ. ಅವನ್ನು ಕೆಳಗೆ ಬರೆದಿದ್ದೇನೆ, ನಿಧಾನವಾಗಿ ಓದಿ.

ನಿಮ್ಮ ಯಜಮಾನರಿಗೆ ಮೈಸೂರಿಗೆ ವರ್ಗವಾಗಿದೆ, ಮಗನಿಗೆ ಅಲ್ಲಿ ಶಾಲೆ ಶುರುವಾಗಿ ಎರಡು ವಾರವಾಯಿತು, ನೀವು ಇಲ್ಲಿ ತಂಗಿಯ ಮನೆಯಲ್ಲಿ ಇದ್ದುಕೊಂಡು ಬರುತ್ತಿದ್ದೀರಿ. ಇದೆಲ್ಲ ನನಗೆ ಗೊತ್ತು. ಇದು ಸುಮ್ನೆ ಹೇಳುವ ಕಾರಣವಲ್ಲ ಅನ್ನುವುದನ್ನು ಎಂ.ಡಿ. ಅವರಿಗೂ ಹೇಳಿದೆ. ಆದರೆ ನಿಮ್ಮ ನೇಮಕಾತಿ ಪತ್ರದಲ್ಲಿ 60 ದಿನದ ನೋಟಿಸ್ ಇದೆ. ಅದರ ಪ್ರಕಾರ ನಿಮ್ಮ ಕೊನೆಯ ದಿನ ಆಗಸ್ಟ್ 5. ಜುಲೈ 11 ಅಂದರೆ ಪೂರ್ತಿ 25 ದಿನ ಮುಂಚೆ.

ಜೂನ್ 30 ಯಾಕೆ ಆಗಲ್ಲ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ದಿನ ತಿಂಗಳೂ ಮುಗಿಯುತ್ತದೆ, ಮೂರು ತಿಂಗಳ ಲೆಕ್ಕವೂ ಮುಗಿಯುತ್ತದೆ. ಮರುದಿನದಿಂದಲೇ ಓಟ ಶುರು. ಜೂನ್ ತಿಂಗಳ ಟಿಡಿಎಸ್ ಜುಲೈ 7ರೊಳಗೆ ಕಟ್ಟಬೇಕು, ಜಿಎಸ್‌ಟಿಆರ್-1 ಜುಲೈ 11ರೊಳಗೆ ಹೋಗಬೇಕು, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ, ತಿಂಗಳ ಕೊನೆಗೆ 24ಕ್ಯೂ. ಇದರ ನಡುವೆ ಕಳೆದ ವರ್ಷದ ಆಡಿಟ್ ಬೇರೆ ಕೂತಿದೆ. ಮಂಜುನಾಥ ಸೇರಿ ಎಂಟು ತಿಂಗಳಾಯಿತು, ಹುಡುಗ ಚುರುಕಾಗಿದ್ದಾನೆ, ಆದರೆ ಒಂದು ಸಲವೂ ಒಬ್ಬನೇ ಜಿಎಸ್‌ಟಿಆರ್-1 ಹಾಕಿಲ್ಲ. ಆ ಒಂದು ಸಲ ನೀವು ಪಕ್ಕದಲ್ಲಿ ಕೂತಿರಬೇಕು. ನಾವು ಕೇಳುತ್ತಿರುವ ಹನ್ನೊಂದು ದಿನ ಮುಖ್ಯವಾಗಿ ಅದಕ್ಕೆ.

ಈಗ ಷರತ್ತುಗಳು.

ಮೊದಲನೆಯದು ಜೂನ್ ತಿಂಗಳ ಜಿಎಸ್‌ಟಿಆರ್-1. ಕೊನೆಯ ದಿನದವರೆಗೆ ಎಳೆಯದೆ ಜುಲೈ 9ರೊಳಗೆ ಅದು ಸಲ್ಲಿಕೆಯಾಗಬೇಕು. ಮಂಜುನಾಥ ಟೈಪ್ ಮಾಡಲಿ, ನೀವು ನೋಡಿ. ನೀವೇ ಮಾಡಿ ಮುಗಿಸಿಬಿಟ್ಟರೆ ಬೇಗ ಆಗುತ್ತದೆ, ನಿಜ. ಆದರೆ ಆಗಸ್ಟ್‌ನಲ್ಲಿ ನಾವು ಮತ್ತೆ ನಿಮಗೇ ಫೋನ್ ಮಾಡಬೇಕಾಗುತ್ತದೆ, ಅದು ನಿಮಗೂ ಬೇಡ ಅಲ್ವಾ?

ಎರಡನೆಯದು ಸರಬರಾಜುದಾರರ ಖಾತೆಗಳು. ಒಟ್ಟು 43 ಲೆಡ್ಜರ್‌ಗಳಲ್ಲಿ 17ಕ್ಕೆ ಇನ್ನೂ ತಾಳೆ ಆಗಿಲ್ಲ ಎಂದು ಆಡಿಟರ್ ಕಳೆದ ವಾರ ಪಟ್ಟಿ ಕೊಟ್ಟಿದ್ದಾರೆ. ಈ 17ನ್ನು ಜುಲೈ 4ರೊಳಗೆ ಮುಗಿಸಿ, ಒಪ್ಪಿಗೆ ಪತ್ರಗಳನ್ನು ಫೈಲಿಗೆ ಹಾಕಿ. ಇವುಗಳಲ್ಲಿ ಸಣ್ಣ ಉದ್ದಿಮೆ ಎಂದು ನೋಂದಣಿ ಇರುವವರನ್ನು ಬೇರೆ ಮಾಡಿ, ಯಾರ ಬಿಲ್ಲಿಗೆ 45 ದಿನ ದಾಟಿದೆ ಎಂದು ಗುರುತು ಹಾಕಿ. ಹಣ ತಡವಾದರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಆ ವರ್ಷಕ್ಕೆ ತೋರಿಸಲು ಬರುವುದಿಲ್ಲ ಎಂದು ಹೋದ ವರ್ಷ ನೀವೇ ನಮಗೆಲ್ಲ ಪಾಠ ಮಾಡಿದ್ದಿರಿ. ಆ ಪಾಠವನ್ನು ಒಂದು ಪುಟದಲ್ಲಿ ಬರೆದಿಟ್ಟು ಹೋಗಿ.

24ಕ್ಯೂ ಸಲ್ಲಿಸುವ ಹೊಣೆ ನಿಮ್ಮದಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕದ ಹಾಳೆ, ಚಲನ್ ವಿವರಗಳು ಮಾತ್ರ ಸಿದ್ಧವಾಗಿರಲಿ.

ಮೂರನೆಯದು ನನಗೆ ಜಾಸ್ತಿ ತಲೆನೋವು ತಂದಿರುವ ವಿಷಯ. ನಮ್ಮ ಜಿಎಸ್‌ಟಿ ಪೋರ್ಟಲ್‌ನ ಒಟಿಪಿ ಇವತ್ತಿಗೂ ನಿಮ್ಮ ಸ್ವಂತ ಮೊಬೈಲ್‌ಗೇ ಬರುತ್ತಿದೆ. ಮಾರ್ಚ್‌ನಲ್ಲಿ ನೀವು ಧರ್ಮಸ್ಥಳಕ್ಕೆ ಹೋಗಿದ್ದಾಗ ದರ್ಶನದ ಸಾಲಿನಲ್ಲಿ ನಿಂತುಕೊಂಡೇ ಒಟಿಪಿ ಹೇಳಿದ್ದು ನೆನಪಿದೆ. ಇದು ಕಂಪನಿಯ ತಪ್ಪು, ನಿಮ್ಮದಲ್ಲ. ಯಾವತ್ತೋ ಸರಿ ಮಾಡಬೇಕಿತ್ತು. ಜೂನ್ 27ರೊಳಗೆ ಆ ನಂಬರನ್ನೂ ಇಮೇಲನ್ನೂ ಎಂ.ಡಿ. ಅವರ ಹೆಸರಿಗೆ ಬದಲಾಯಿಸಬೇಕು. ಅವರ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಡ್ರಾಯರ್‌ನಲ್ಲಿದೆ, ಅದನ್ನು ಕೆಲಸ ಮುಗಿದ ದಿನವೇ ಅವರ ಕೈಗೆ ಕೊಟ್ಟು ರಿಜಿಸ್ಟರ್‌ನಲ್ಲಿ ಸಹಿ ತೆಗೆದುಕೊಳ್ಳಿ. ಪಿಎಫ್, ಇಎಸ್‌ಐ, ಟಿಡಿಎಸ್ ಪೋರ್ಟಲ್‌ಗಳ ಲಾಗಿನ್, ಟ್ಯಾಲಿಯ ಅಡ್ಮಿನ್ ಪಾಸ್‌ವರ್ಡ್, ಬ್ಯಾಂಕಿನ ಆನ್‌ಲೈನ್ ಖಾತೆಯಲ್ಲಿ ನಿಮ್ಮ ಹೆಸರಿನ ಬಳಕೆದಾರ ಹಕ್ಕು, ಎಲ್ಲವೂ ಜುಲೈ 10ರೊಳಗೆ ಕೈ ಬದಲಾಗಬೇಕು. ಪಾಸ್‌ವರ್ಡ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಎದುರಿಗೆ ಕೂತು ಬದಲಾಯಿಸೋಣ. ನಿಮ್ಮ ಹೆಸರಿನಲ್ಲಿ ಇಲ್ಲಿ ಏನೂ ಉಳಿಯದಿದ್ದರೆ ನಾಳೆ ಏನಾದರೂ ಹೆಚ್ಚು ಕಡಿಮೆಯಾದರೂ ನಿಮ್ಮನ್ನು ಯಾರೂ ಕೇಳುವಂತಿಲ್ಲ.

ಜುಲೈ 11ರ ಸಂಜೆಯವರೆಗೆ ನೀವು ನಮ್ಮ ನೌಕರರೇ. ಅಲ್ಲಿವರೆಗೆ ಹೊಸ ಜಾಗದಲ್ಲಿ ಸೇರುವಂತಿಲ್ಲ, ಮನೆಯಿಂದಲೂ ಅವರ ಕೆಲಸ ಶುರು ಮಾಡುವಂತಿಲ್ಲ. ಎರಡೂ ಕಡೆ ಒಂದೇ ದಿನಾಂಕಗಳಲ್ಲಿ ಪಿಎಫ್ ಕಂಡರೆ ಮುಂದೆ ಹಣ ವರ್ಗಾಯಿಸುವಾಗ ನಿಮಗೇ ತೊಂದರೆ. ಗ್ರಾಹಕರ ದರಪಟ್ಟಿ, ಬಿಡಿಭಾಗಗಳ ವೆಚ್ಚದ ಹಾಳೆ ಇಲ್ಲಿಂದ ಹೊರಗೆ ಹೋಗಬಾರದು ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ, ಆದರೂ ಪತ್ರದಲ್ಲಿ ಇರಲಿ.

ಇನ್ನು ಹಣದ ವಿಷಯ.

ಉಳಿಯುವ 25 ದಿನಗಳಲ್ಲಿ 10 ದಿನವನ್ನು ನಿಮ್ಮ ಗಳಿಕೆ ರಜೆಯಿಂದ ಹೊಂದಿಸುತ್ತೇವೆ. ನಿಮ್ಮ ಖಾತೆಯಲ್ಲಿ 16 ರಜೆ ಇದೆ, ಉಳಿದ 6ಕ್ಕೆ ಹಣ ಸಿಗುತ್ತದೆ. ಬಾಕಿ 15 ದಿನಕ್ಕೆ ಮೂಲ ವೇತನ 26,000 ರೂಪಾಯಿಯ ಲೆಕ್ಕದಲ್ಲಿ 13,000 ರೂಪಾಯಿ ನೀವು ಕಟ್ಟಬೇಕಾಗುತ್ತಿತ್ತು. ಪೂರ್ತಿ ಮನ್ನಾ ಮಾಡಿ ಎಂದು ನೀವು ಕೇಳಿದ್ದಿರಿ, ನಾನೂ ಹಾಗೇ ಹೇಳಿ ನೋಡಿದೆ. ಹೋದ ವರ್ಷ ಸ್ಟೋರ್ಸ್‌ನವರೊಬ್ಬರಿಗೆ ಪೂರ್ತಿ ಹಿಡಿದಿರುವಾಗ ಈಗ ಪೂರ್ತಿ ಬಿಡಲು ಬರುವುದಿಲ್ಲ ಎಂದರು ಎಂ.ಡಿ. ಅದೂ ನ್ಯಾಯವೇ. ಕೊನೆಗೆ ನಿಮ್ಮ ಆರು ವರ್ಷದ ಕೆಲಸ ನೋಡಿ ಅರ್ಧ ಬಿಟ್ಟಿದ್ದಾರೆ. ಹಿಡಿಯುವುದು 6,500 ರೂಪಾಯಿ ಮಾತ್ರ.

ನೋಟಿಸ್ ಹಣವನ್ನು ಹೊಸ ಕಂಪನಿಯವರೇ ಕೊಡಬಹುದು, ಅವರ ಹೆಸರಿಗೆ 18% ಜಿಎಸ್‌ಟಿ ಸೇರಿಸಿ ಬಿಲ್ ಕೊಡುತ್ತೀರಾ ಎಂದು ಕೇಳಿದ್ದಿರಿ. ಬಿಲ್ ಕೊಡುವುದಿಲ್ಲ. ನಮ್ಮ ಲೆಕ್ಕ ಇರುವುದು ನಿಮ್ಮ ಜೊತೆ, ಅವರ ಜೊತೆ ಅಲ್ಲ. ಅವರು ನಿಮಗೆ ಕೊಡುವುದಾದರೆ ಅದು ನಿಮ್ಮಿಬ್ಬರ ವಿಷಯ. ಜಿಎಸ್‌ಟಿಯೂ ಬೀಳುವುದಿಲ್ಲ. ನೌಕರರಿಂದ ಹಿಡಿಯುವ ನೋಟಿಸ್ ಹಣಕ್ಕೆ ತೆರಿಗೆ ಇಲ್ಲ ಎಂದು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದ್ದಾರೆ. ಆ ಸುತ್ತೋಲೆಯ ಪ್ರಿಂಟ್ ನಿಮ್ಮ ಫೈಲಿನಲ್ಲೇ ಸಿಕ್ಕಿತು, ನಿಮ್ಮದೇ ಕೈಬರಹದ ಟಿಪ್ಪಣಿ ಸಮೇತ!

ಅಡ್ವಾನ್ಸ್ ಬಾಕಿ 10,000 ರೂಪಾಯಿ ಇದೆ. ಎಲ್ಲವನ್ನೂ ಜುಲೈನಲ್ಲೇ ಹಿಡಿದರೆ ನಿಮ್ಮ ಕೈಗೆ ಬರುವುದು ತೀರಾ ಕಡಿಮೆಯಾಗುತ್ತದೆ, ಮನೆ ಬದಲಾಯಿಸುವ ಹೊತ್ತು ಬೇರೆ. ಅದಕ್ಕೆ ಜೂನ್ ಸಂಬಳದಲ್ಲಿ 5,000, ಜುಲೈ ಲೆಕ್ಕದಲ್ಲಿ 5,000 ಹಿಡಿಯುತ್ತೇವೆ. ಹಾಗೆ ನೋಡಿದರೆ ಜುಲೈನ 11 ದಿನದ ಸಂಬಳ 14,300, ಜೊತೆಗೆ 6 ರಜೆಯ ಹಣ 5,200. ಇದರಲ್ಲಿ ನೋಟಿಸ್‌ನ 6,500, ಅಡ್ವಾನ್ಸ್‌ನ 5,000 ಕಳೆದರೆ 8,000 ರೂಪಾಯಿ. ಪಿಎಫ್ ಇದರಲ್ಲಿ ಇನ್ನೂ ಕಳೆಯಬೇಕು. ಲೆಕ್ಕ ತಪ್ಪಿದ್ದರೆ ಹೇಳಿ. ನಿಮಗೆ ಲೆಕ್ಕ ಬರೆದು ಕಳಿಸುವುದು ಅಂದರೆ ನನಗೆ ಸ್ವಲ್ಪ ಭಯವೇ.

ಗ್ರಾಚ್ಯುಟಿಯನ್ನು ಇದರ ಜೊತೆ ಬೆರೆಸುವುದಿಲ್ಲ. ನೋಟಿಸ್ ಹಣವನ್ನು ಅದರಲ್ಲೇ ಹಿಡಿದುಕೊಳ್ಳಿ ಎಂದು ನೀವೇ ಬರೆದಿದ್ದೀರಿ, ಆದರೆ ಅದು ಸರಿಯಲ್ಲ. ಗ್ರಾಚ್ಯುಟಿಯನ್ನು ನೋಟಿಸ್ ಬಾಕಿಗೆ ಮುಟ್ಟಲು ಕಾನೂನಿನಲ್ಲಿ ಅವಕಾಶ ಇಲ್ಲ. ನೀವು 2019ರ ಜೂನ್ 3ರಂದು ಸೇರಿದಿರಿ, ಆರು ವರ್ಷ ತುಂಬಿದೆ. 26,000ವನ್ನು 26ರಿಂದ ಭಾಗಿಸಿ, 15 ದಿನದ ಲೆಕ್ಕ ಹಿಡಿದು, ಆರರಿಂದ ಗುಣಿಸಿದರೆ 90,000 ರೂಪಾಯಿ. ಅರ್ಜಿಯನ್ನು ಜುಲೈ 11ರಂದೇ ಕೊಡಿ. ಆಗಸ್ಟ್ 10ರೊಳಗೆ ಹಣ ನಿಮ್ಮ ಖಾತೆಗೆ ಬರುತ್ತದೆ. ಮೇಲಿನ ಷರತ್ತುಗಳಿಗೂ ಇದಕ್ಕೂ ಸಂಬಂಧವಿಲ್ಲ.

ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಜುಲೈ 11ರ ಸಂಜೆ ಐದೂವರೆಗೆ ನನ್ನ ಮೇಜಿನ ಮೇಲೆ ಸಹಿಯಾಗಿ ಇರುತ್ತವೆ. 14ರ ಸೋಮವಾರ ನೀವು ಅಲ್ಲಿ ಸೇರಬಹುದು. ಜುಲೈ ತಿಂಗಳ ಪಿಎಫ್ ಕಟ್ಟಿದ ಮೇಲೆ ಪೋರ್ಟಲ್‌ನಲ್ಲಿ ನಿಮ್ಮ ಕೊನೆಯ ದಿನಾಂಕ ಹಾಕುತ್ತೇವೆ. ಹಣ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ. ಇಲ್ಲಿನ ಏಪ್ರಿಲ್‌ನಿಂದ ಜುಲೈವರೆಗಿನ ಸಂಬಳ, ಟಿಡಿಎಸ್ ವಿವರವನ್ನು ಅವರಿಗೆ ಕೊಡಲು ಮರೆಯಬೇಡಿ.

ಮೇಲೆ ಹೇಳಿದ ಕೆಲಸಗಳಲ್ಲಿ ಯಾವುದಾದರೂ ಮುಗಿಯದಿದ್ದರೆ ಬಿಡುಗಡೆಯ ದಿನ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಆದರೆ ತಡವಾದದ್ದು ನಮ್ಮಿಂದ ಅಥವಾ ಆಡಿಟರ್ ಕಡೆಯಿಂದ ಆದರೆ ಅದಕ್ಕೆ ನೀವು ಹೊಣೆಯಲ್ಲ, ಜುಲೈ 11 ಹಾಗೇ ಇರುತ್ತದೆ. ಇದನ್ನು ಬರೆಯಲೇಬೇಕು ಎಂದು ನಾನೇ ಹಟ ಹಿಡಿದು ಸೇರಿಸಿದ್ದೇನೆ.

ಒಂದು ಮಾತು ಷರತ್ತಲ್ಲ, ಬರೀ ಕೋರಿಕೆ. ಜಿಎಸ್‌ಟಿಆರ್-2ಬಿ ಜುಲೈ 14ಕ್ಕೆ ಬರುತ್ತದೆ, ಆಗ ನೀವು ಇಲ್ಲಿರುವುದಿಲ್ಲ. 3ಬಿ ಹಾಕುವ ಮುಂಚೆ, ಜುಲೈ 17ರ ಸಂಜೆ ಒಂದು ಅರ್ಧ ಗಂಟೆ ಮಂಜುನಾಥನ ಫೋನಿಗೆ ಸಿಗುತ್ತೀರಾ? ಆಗದಿದ್ದರೆ ಬೇಸರವಿಲ್ಲ, ಆಡಿಟರ್ ಕಚೇರಿಯವರನ್ನು ಕೇಳಿಕೊಳ್ಳುತ್ತೇವೆ.

ಒಪ್ಪಿಗೆ ಇದ್ದರೆ ಈ ಪತ್ರದ ಎರಡನೇ ಪ್ರತಿಗೆ ಸಹಿ ಹಾಕಿ ಜೂನ್ 20, ಶುಕ್ರವಾರ ಮಧ್ಯಾಹ್ನದೊಳಗೆ ನನಗೆ ಕೊಡಿ. ಯಾವುದಾದರೂ ದಿನಾಂಕ ಹೊಂದುವುದಿಲ್ಲ ಅನಿಸಿದರೆ ಅದಕ್ಕೂ ಮುಂಚೆ ಬಂದು ಮಾತಾಡಿ, ಒಂದೆರಡು ದಿನ ಅತ್ತಿತ್ತ ಮಾಡುವಷ್ಟು ಅವಕಾಶ ನನ್ನ ಕೈಯಲ್ಲಿದೆ. ಶುಕ್ರವಾರದೊಳಗೆ ಏನೂ ತಿಳಿಸದಿದ್ದರೆ ಆಗಸ್ಟ್ 5ನ್ನೇ ಕೊನೆಯ ದಿನ ಎಂದು ಇಟ್ಟುಕೊಳ್ಳುತ್ತೇವೆ.

ಇತಿ,
ಶ್ರೀಧರ
ವ್ಯವಸ್ಥಾಪಕ, ಸಿಬ್ಬಂದಿ ಮತ್ತು ಆಡಳಿತ

ಪ್ರತಿ: ಎಂ.ಡಿ. ಅವರ ಕಚೇರಿ, ಲೆಕ್ಕಪತ್ರ ವಿಭಾಗ, ನೌಕರರ ವೈಯಕ್ತಿಕ ಕಡತ

ಮೇಲಿನ ಷರತ್ತುಗಳನ್ನು ಓದಿ ಒಪ್ಪಿದ್ದೇನೆ. ಜುಲೈ 11, 2025ರಂದು ಬಿಡುಗಡೆ ಪಡೆಯಲು ನನ್ನ ಸಮ್ಮತಿ ಇದೆ.
ನೌಕರರ ಸಹಿ ಮತ್ತು ದಿನಾಂಕ