ಅವ್ವನ ಲಿಸ್ಟು

ಅವ್ವನ ಜೊತೆ ಫೋನಿನಲ್ಲಿ ಮೂರು ನಿಮಿಷ ದಾಟಿ ಮಾತಾಡುವುದು ನನಗಾಗಲಿ ಮಲ್ಲುಗಾಗಲಿ ಎಂದೂ ಆಗಿರಲಿಲ್ಲ. ಊಟ ಆತೇನು, ಅಲ್ಲೆ ಥಂಡಿ ಐತೇನು, ಫೋನ್ ಇಡ್ಲೇನು. ಅಷ್ಟೇ. ಇಂಟರ್ನೆಟ್ ಕಾಲ್‌ಗೆ ಬೇರೆ ರೊಕ್ಕ ಬೀಳುವುದಿಲ್ಲ ಅಂತ ಎಷ್ಟು ಹೇಳಿದರೂ ಆಕೆಗೆ ನಂಬಿಕೆ ಇಲ್ಲ. ನಾನು ಡಬ್ಲಿನ್‌ನಲ್ಲಿ ನರ್ಸ್, ತಮ್ಮ ಮಸ್ಕತ್‌ನಲ್ಲಿ, ಅವ್ವ ಗುಳೇದಗುಡ್ಡದಲ್ಲಿ ಒಬ್ಬಳೇ. ಕರೆದರೆ ಬರುವುದಿಲ್ಲ. ಮಗ್ಗ ಯಾರು ನೋಡ್ತಾರ ಅನ್ನುತ್ತಾಳೆ, ಮಗ್ಗ ನಿಂತು ವರ್ಷಗಳೇ ಆದವು.

ಲಿಸ್ಟಿನ ಯೋಚನೆ ಮಲ್ಲೂದು. "ಅಕ್ಕಾ, ಅವ್ವ ಕಣ ನೇಯಾಕ ಕುಂತಾಗ ಏನೇನ್ ಹಾಡ್ತಿದ್ಲು, ಎಲ್ಲಾ ಒಂದ್ ಕಡೆ ಹಾಕೂಣು" ಅಂದ. ಯೂಟ್ಯೂಬ್‌ನಲ್ಲಿ ಪ್ಲೇಲಿಸ್ಟ್ ಮಾಡಿ ಲಿಂಕ್ ಕಳಿಸಿದ, ಇಬ್ಬರೂ ಹಾಡು ಸೇರಿಸಬಹುದು. ನಾನು ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಸೇರಿಸುತ್ತಿದ್ದೆ, ಅವನು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳುತ್ತಿದ್ದ. ಜಗಳ ಶುರುವಾಗಲು ಒಂದು ವಾರವೂ ಬೇಕಾಗಲಿಲ್ಲ.

ನಾನು ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ವಚನಗಳು, ಶರೀಫರ ತತ್ವಪದಗಳು. ನಮ್ಮ ಮನೆಯ ಗೂಡಿನಲ್ಲಿ ರೇಡಿಯೋ ಇತ್ತು, ಬೆಳಗಾದರೆ ಧಾರವಾಡ ಆಕಾಶವಾಣಿ, ಅದರ ಕೆಳಗೆ ಲಾಳಿಯ ಟಕಟಕ. ಮಲ್ಲು ಹಾಕಿದ್ದು ಬರೀ ಸಿನಿಮಾ ಹಾಡು. "ಅವ್ವ ಇವನ್ನ ಯಾವಾಗ ಹಾಡಿದ್ಲೋ?" ಅಂತ ಮೆಸೇಜ್ ಹಾಕಿದೆ. "ನೀ ಹಾಸ್ಟೆಲ್‌ಗೆ ಹ್ವಾದ ಮ್ಯಾಲೆ. ನೀ ಇದ್ದಿಲ್ಲ, ನಿನಗೇನ್ ಗೊತ್ತು" ಅಂತ ಉತ್ತರ ಬಂತು. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ಸುಳ್ಳಲ್ಲ ಅಲ್ವಾ? ನಾನು ನರ್ಸಿಂಗ್ ಓದಲು ಮನೆ ಬಿಟ್ಟಾಗ ಅವನಿನ್ನೂ ನಾಕನೇ ಕ್ಲಾಸು. ಆಮೇಲೆ ಅಪ್ಪ ತೀರಿಕೊಂಡರು, ರೇಡಿಯೋ ಕೆಟ್ಟಿತು, ಪಕ್ಕದ ಮನೆಗೆ ಟೇಪ್ ಬಂತು. ಆ ವರ್ಷಗಳ ಅವ್ವ ಹೇಗಿದ್ದಳೋ ನನಗೆ ಗೊತ್ತೇ ಇಲ್ಲ, ಅವನಿಗೆ ರೇಡಿಯೋದ ಅವ್ವ ಗೊತ್ತಿಲ್ಲ.

ಹೀಗೇ ಜಗ್ಗಾಡುತ್ತಾ ಲಿಸ್ಟು ಉದ್ದವಾಯಿತು. ಎದುರುಮನೆ ಹುಡುಗಿಗೆ ಲಿಂಕ್ ಕಳಿಸಿ, ಅವ್ವನ ಫೋನಿನಲ್ಲಿ ಹಚ್ಚಿಕೊಡು ಅಂತ ಹೇಳಿದೆವು. ಅವ್ವ ಏನೂ ಹೇಳಲಿಲ್ಲ. ಕೇಳಿದಳೋ ಇಲ್ಲವೋ ಅದೂ ತಿಳಿಯಲಿಲ್ಲ.

ಒಂದಿನ ನೋಡಿದರೆ ಲಿಸ್ಟಿನಲ್ಲಿ ಹೊಸದೊಂದು ಬಂದು ಕೂತಿದೆ. ಯಾವುದೋ ಕಂಪನಿ ನಾಟಕದ ಹಾಡು, ಹಾರ್ಮೋನಿಯಂ, ಚಪ್ಪಾಳೆ, ಶಿಳ್ಳೆ, ಗಂಡು ಹೆಣ್ಣು ಒಬ್ಬರಿಗೊಬ್ಬರು ಕಾಲೆಳೆಯುವ ಚೇಷ್ಟೆ ಪದ, ನಡುನಡುವೆ ಎರಡರ್ಥದ ಮಾತು. ನಾನು ಮಲ್ಲುಗೆ ಬೈದೆ. ಅವನು ನನಗೇ ಬೈದ. ಇಬ್ಬರೂ ಹಾಕಿಲ್ಲ ಅಂದರೆ ಉಳಿದವರು ಯಾರು? ಮೂವರೂ ಕಾಲ್‌ನಲ್ಲಿ ಸೇರಿದೆವು.

"ಹೌದವಾ, ನಾನ ಹಾಕಿಸಿನಿ" ಅಂದಳು ಅವ್ವ, ನಗು ತಡೆಯಲಾಗದೆ. "ಬನಶಂಕರಿ ಜಾತ್ರ್ಯಾಗ ನೋಡಿದ್ದು, ಲಗ್ನಕ್ಕಿಂತ ಮೊದ್ಲ. ಗೆಳತ್ಯಾರೆಲ್ಲಾ ಚಕ್ಕಡಿ ಹೂಡಿಸ್ಕೊಂಡು ಹೋಗಿದ್ವಿ, ಒಂದು ನಾಟಕ ಮುಗಿದ ಕೂಡ್ಲೆ ಮತ್ತೊಂದು ಥೇಟರಿಗೆ ಓಡಿದ್ವಿ. ಮನ್ಯಾಗ ದೇವಿ ದರ್ಶನಕ್ಕ ಅಂತ ಹೇಳಿದ್ವಿ."

"ದರ್ಶನ ಆತೇನು?" ಅಂದ ಮಲ್ಲು.

"ಬೆಳಕ ಹರದಮ್ಯಾಲೆ ಆತು, ಕಣ್ಣಾಗ ನಿದ್ದಿ."

ನಾವು ಹೂಂ ಅಂದದ್ದೇ ತಡ, ಅವ್ವ ಶುರು ಮಾಡಿದಳು. ಯಾವ ಗೆಳತಿ ಯಾವ ನಟನಿಗೆ ಮರುಳಾಗಿದ್ದಳು, ಕಟ್ಟಿಕೊಂಡು ಹೋದ ಸಜ್ಜಿ ರೊಟ್ಟಿ ಯಾರು ತಿಂದರು, ಹೀರೋಯಿನ್ ಹಾಕಿದ್ದ ಕುಪ್ಪಸ ಗುಳೇದಗುಡ್ಡದ ಕಣದ್ದೇ ಅಂತ ತಾವು ಹೇಗೆ ಮುಂದಿನ ಸಾಲಿನಿಂದ ಗುರುತು ಹಿಡಿದರು, ಎಲ್ಲ ಬಂತು. ಇಡ್ಲೇನು ಅನ್ನುವ ಮಾತೇ ಇಲ್ಲ. ನನ್ನ ಅನ್ನ ತಳ ಹತ್ತಿತು, ನಾನು ಎದ್ದು ಹೋಗಲಿಲ್ಲ.

ಕಡೆಗೆ ಅವ್ವನೇ ಲಿಸ್ಟಿಗೆ ಬಂದಳು. "ಶೈಲಾ, ನಿನ್ನ ಮುಂಜಾನಿ ವಚನ ಯಾಕಷ್ಟು ತುಂಬೀಯವಾ? ಅವು ನಿಮ್ಮಪ್ಪಗ ಸೇರತಿದ್ವು. ಹಚ್ಚಿದ್ರ ನಂಗ ಮಗ್ಗದ ಮ್ಯಾಲೇ ಜೊಂಪು ಹತ್ತತಿತ್ತು."

ಮಲ್ಲು ಬಿದ್ದು ಬಿದ್ದು ನಕ್ಕ. "ನಗಬ್ಯಾಡ, ನಿನ್ನ ಸಿನಿಮಾ ಪದಾ ನಾ ಎಲ್ಲೆ ಹಾಡೀನಿ? ಪಕ್ಕದಾಕಿ ಹಚ್ಚತಿದ್ಲು, ಬ್ಯಾಡಂದ್ರೂ ಕಿವ್ಯಾಗ ಬೀಳತಿತ್ತು."

ಇಬ್ಬರಿಗೂ ಮಾತು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಲ್ಲು, "ಹಂಗಾರ ವಚನ ತಗಿಲೇನು? ಅಪ್ಪಂದು ಬ್ಯಾರೆ ಲಿಸ್ಟ್ ಮಾಡ್ತೀನಿ" ಅಂದ.

"ಬ್ಯಾರೆ ಯಾಕೋ" ಅಂದಳು ಅವ್ವ. "ಇರ್ಲಿ ಬಿಡು, ಕಡೀಕ ಹಾಕು. ನಿದ್ದಿ ಬರೂಮುಂದ ಬೇಕಾಗತಾವು."