ಕ್ಲೌಡ್ ಸಪೋರ್ಟ್ ಪ್ಲಾನ್: ಯಾವ ಹಂತದಲ್ಲಿ ಎಷ್ಟು ಹೊತ್ತಿಗೆ ಉತ್ತರ, ಯಾವುದು ಸೇರಿಲ್ಲ

ಮೊದಲಿಗೇ ಒಂದು ಮಾತು. ಇಲ್ಲಿ ಕೊಟ್ಟಿರುವುದು ಮೊದಲ ಉತ್ತರದ ಗುರಿ, ಸಮಸ್ಯೆ ಬಗೆಹರಿಯುವ ಗಡುವಲ್ಲ. ರಾತ್ರಿ 2:10ಕ್ಕೆ ನೀವು ಟಿಕೆಟ್ ತೆರೆದು, 2:24ಕ್ಕೆ ನಮ್ಮ ಎಂಜಿನಿಯರ್ ಕರೆ ಮಾಡಿ, ಡೇಟಾಬೇಸ್ ಎದ್ದು ನಿಂತದ್ದು ಬೆಳಗಿನ 5ಕ್ಕೆ ಎಂದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಎಂಟರ್‌ಪ್ರೈಸ್ ಪ್ಲಾನಿನ 15 ನಿಮಿಷದ ಗುರಿ ಮುಟ್ಟಿದಂತೆಯೇ. ‘ನಿಮ್ಮ ಟಿಕೆಟ್ ಬಂದಿದೆ’ ಎಂಬ ತಾನಾಗಿ ಹೋಗುವ ಮೇಲ್ ಉತ್ತರವಲ್ಲ; ಎಂಜಿನಿಯರ್ ಟಿಕೆಟ್ ಓದಿ ಬರೆದದ್ದು ಅಥವಾ ಕರೆ ಮಾಡಿದ್ದು ಮಾತ್ರ ಉತ್ತರ.

ತೀವ್ರತೆ

ತೀವ್ರತೆ 1: ಪ್ರೊಡಕ್ಷನ್ ಪೂರ್ತಿ ನಿಂತಿದೆ, ಬದಲಿ ದಾರಿ ಇಲ್ಲ.
ತೀವ್ರತೆ 2: ಪ್ರೊಡಕ್ಷನ್ ನಡೆಯುತ್ತಿದೆ, ಆದರೆ ಕುಂಟುತ್ತಿದೆ.
ತೀವ್ರತೆ 3: ಟೆಸ್ಟ್ ಅಥವಾ ಡೆವಲಪ್‌ಮೆಂಟ್ ಪರಿಸರದ ತೊಂದರೆ, ಇಲ್ಲವೇ ಬದಲಿ ದಾರಿ ಇರುವ ಪ್ರೊಡಕ್ಷನ್ ತೊಂದರೆ.
ತೀವ್ರತೆ 4: ಪ್ರಶ್ನೆ, ಸಲಹೆ.

ತೀವ್ರತೆಯನ್ನು ಆರಿಸುವವರು ನೀವೇ. ವಿವರಣೆಗೆ ಹೊಂದದಿದ್ದರೆ ಕಾರಣ ಬರೆದು ನಾವು ಬದಲಿಸುತ್ತೇವೆ. ನಾಳೆ ಲಾಂಚ್ ಇದೆ ಎಂಬುದು ತೀವ್ರತೆ 1 ಅಲ್ಲ. ತೀವ್ರತೆ 1 ತೆರೆದವರ ಕಡೆ ಒಬ್ಬರು ಯಾವ ಹೊತ್ತಿನಲ್ಲೂ ಫೋನಿಗೆ ಸಿಗಬೇಕು. 30 ನಿಮಿಷ ಯಾರೂ ಸಿಗದಿದ್ದರೆ ಟಿಕೆಟ್ ತೀವ್ರತೆ 2ಕ್ಕೆ ಇಳಿಯುತ್ತದೆ.

ಮೊದಲ ಉತ್ತರದ ಗುರಿ

| ಪ್ಲಾನ್ | ತೀವ್ರತೆ 1 | ತೀವ್ರತೆ 2 | ತೀವ್ರತೆ 3 | ತೀವ್ರತೆ 4 |
|---|---|---|---|---|
| ಬೇಸಿಕ್ | ಇಲ್ಲ | ಇಲ್ಲ | ಇಲ್ಲ | ಇಲ್ಲ |
| ಡೆವಲಪರ್ | ಇಲ್ಲ | ಇಲ್ಲ | 12 ಕೆಲಸದ ಗಂಟೆ | 24 ಕೆಲಸದ ಗಂಟೆ |
| ಬಿಸಿನೆಸ್ | 1 ಗಂಟೆ | 4 ಗಂಟೆ | 12 ಗಂಟೆ | 24 ಗಂಟೆ |
| ಎಂಟರ್‌ಪ್ರೈಸ್ | 15 ನಿಮಿಷ | 1 ಗಂಟೆ | 4 ಗಂಟೆ | 12 ಗಂಟೆ |

ಕೆಲಸದ ಗಂಟೆ ಎಂದರೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 6. ಹೆಚ್ಚು ಜನ ಎಡವುವುದು ಇಲ್ಲೇ. ಡೆವಲಪರ್ ಪ್ಲಾನಿನಲ್ಲಿ ಶುಕ್ರವಾರ ಸಂಜೆ 5ಕ್ಕೆ ತೆರೆದ ತೀವ್ರತೆ 3ರ ಟಿಕೆಟ್‌ಗೆ ಆ ದಿನ 1 ಗಂಟೆ, ಸೋಮವಾರ 9, ಮಂಗಳವಾರ 2. ಅಂದರೆ ಗುರಿ ಮಂಗಳವಾರ ಬೆಳಿಗ್ಗೆ 11. ಬಿಸಿನೆಸ್, ಎಂಟರ್‌ಪ್ರೈಸ್‌ಗೆ ಗಡಿಯಾರ ಹಗಲೂ ರಾತ್ರಿ ಓಡುತ್ತದೆ.

ಯಾವ ಪ್ಲಾನಿನಲ್ಲಿ ಏನಿಲ್ಲ

ಬೇಸಿಕ್‌ನಲ್ಲಿ ತಾಂತ್ರಿಕ ಟಿಕೆಟ್ ಇಲ್ಲ. ಬಿಲ್, ಅಕೌಂಟ್, ಕೋಟಾ ಹೆಚ್ಚಳ ಅಷ್ಟೇ. ಅವಕ್ಕೂ ಸಮಯದ ಗುರಿ ಇಲ್ಲ.

ಡೆವಲಪರ್‌ನಲ್ಲಿ ಫೋನ್, ಚಾಟ್ ಇಲ್ಲ. ಒಬ್ಬರು ಮಾತ್ರ ಟಿಕೆಟ್ ತೆರೆಯಬಹುದು. ಗ್ರಾಹಕರು ಬಳಸುವ ಆ್ಯಪ್ ಓಡುತ್ತಿರುವ ಅಕೌಂಟ್‌ಗೆ ಇದನ್ನು ನೆಚ್ಚಿಕೊಳ್ಳಬೇಡಿ. ಪ್ರೊಡಕ್ಷನ್ ಬಿದ್ದರೂ ನಿಮ್ಮ ಟಿಕೆಟ್ ತೀವ್ರತೆ 3ರ ಸಾಲಿನಲ್ಲೇ ನಿಲ್ಲುತ್ತದೆ.

ಬಿಸಿನೆಸ್‌ನಲ್ಲಿ ನಿಮಗೆಂದೇ ಗೊತ್ತುಮಾಡಿದ ಎಂಜಿನಿಯರ್ ಇರುವುದಿಲ್ಲ. ಪಾಳಿಯಲ್ಲಿ ಯಾರಿದ್ದಾರೋ ಅವರು. ಆರ್ಕಿಟೆಕ್ಚರ್ ಪರಿಶೀಲನೆ, ಲಾಂಚ್ ದಿನದ ಕಾವಲು ಸೇರಿಲ್ಲ. ಲಿಖಿತ ಮೂಲಕಾರಣ ವರದಿ ಸಿಗುವುದು ತೀವ್ರತೆ 1ಕ್ಕೆ, ಅದೂ ತಪ್ಪು ನಮ್ಮ ಕಡೆಯದಾಗಿದ್ದರೆ.

ಎಂಟರ್‌ಪ್ರೈಸ್‌ನಲ್ಲಿ ಇವೆಲ್ಲ ಇವೆ. ಆದರೂ ನಿಮ್ಮ ಆನ್‌ಕಾಲ್ ಕೆಲಸವನ್ನು ನಾವು ವಹಿಸಿಕೊಳ್ಳುವುದಿಲ್ಲ. ನಿಮ್ಮ ಸರ್ವರ್‌ಗೆ ಲಾಗಿನ್ ಆಗುವುದಿಲ್ಲ; ಪಾಸ್‌ವರ್ಡ್, ಕೀ ಕೇಳುವುದೂ ಇಲ್ಲ. ಯಾರಾದರೂ ಕೇಳಿದರೆ ಅವರು ನಮ್ಮವರಲ್ಲ.

ಯಾವ ಪ್ಲಾನಿನಲ್ಲೂ ಇಲ್ಲದವು ಇವು. ನಿಮ್ಮ ಕೋಡ್‌ನ ಬಗ್ ಹುಡುಕಿ ಕೊಡುವುದು. ಬೇರೆ ಕಂಪನಿಯ ಸಾಫ್ಟ್‌ವೇರ್: ಕೈಲಾದಷ್ಟು ನೋಡುತ್ತೇವೆ, ಭರವಸೆ ಕೊಡುವುದಿಲ್ಲ. ಪ್ರಿವ್ಯೂ ಹಂತದ ಸೇವೆಗಳಿಗೆ ಮೇಲಿನ ಗುರಿಗಳು ಅನ್ವಯಿಸುವುದಿಲ್ಲ. ಬ್ಯಾಕಪ್ ಇಲ್ಲದೆ ನೀವೇ ಅಳಿಸಿದ ಡೇಟಾ ಎಂಟರ್‌ಪ್ರೈಸ್ ಗ್ರಾಹಕರಿಗೂ ವಾಪಸ್ ಬರುವುದಿಲ್ಲ. ದುಡ್ಡು ಹೆಚ್ಚು ಕೊಟ್ಟರೆ ಬರುತ್ತದೆ ಎಂಬ ನಂಬಿಕೆ ಬೇಡ. ಗುರಿ ತಪ್ಪಿದರೆ ಕ್ರೆಡಿಟ್ ಇಲ್ಲ. ಸೇವೆಯೇ ನಿಂತಿದ್ದಕ್ಕೆ ಸಿಗುವ ಕ್ರೆಡಿಟ್ ಎಸ್‌ಎಲ್‌ಎ ಒಪ್ಪಂದದ್ದು, ಅದಕ್ಕೆ ಬೇರೆ ಅರ್ಜಿ.

ಟಿಕೆಟ್ ಬರೆಯುವಾಗ

‘ಸೈಟ್ ಓಡ್ತಿಲ್ಲ, ಅರ್ಜೆಂಟ್’ ಎಂದು ಬರೆದರೆ ಮೊದಲ ಉತ್ತರ ಬರೀ ಪ್ರಶ್ನೆಗಳಾಗಿ ಬರುತ್ತದೆ. ಹೀಗೆ ಬರೆಯಿರಿ: ‘02:05 ಯುಟಿಸಿಯಿಂದ ಎರಡು ಆ್ಯಪ್ ಸರ್ವರ್‌ಗಳಿಂದ ಡೇಟಾಬೇಸ್‌ಗೆ ಕನೆಕ್ಷನ್ ಟೈಮ್‌ಔಟ್. ಮೂರನೆಯದು ಸರಿಯಿದೆ, ಅದು ಬೇರೆ ಸಬ್‌ನೆಟ್‌ನಲ್ಲಿದೆ. 01:50ಕ್ಕೆ ಫೈರ್‌ವಾಲ್ ನಿಯಮ ಬದಲಿಸಿದ್ದೆವು, ವಾಪಸ್ ಹಾಕಿದರೂ ಸರಿಯಾಗಿಲ್ಲ.’ ಜೊತೆಗೆ ರೀಜನ್ ಹೆಸರು, ರಿಕ್ವೆಸ್ಟ್ ಐಡಿ.

ಪ್ಲಾನ್ ಇರುವುದು ಅಕೌಂಟ್‌ಗೆ, ಸಂಸ್ಥೆಗಲ್ಲ. ಬಿಸಿನೆಸ್ ಪ್ಲಾನಿನ ಅಕೌಂಟ್‌ನಿಂದ ಬೇಸಿಕ್ ಅಕೌಂಟ್‌ನ ತೊಂದರೆ ಬರೆದರೆ ಅದನ್ನು ಬೇಸಿಕ್ ಎಂದೇ ನೋಡುತ್ತೇವೆ. ಪ್ಲಾನ್ ಏರಿಸಿದರೆ ಕೂಡಲೇ ಜಾರಿ, ಆದರೆ ಅದಾಗಲೇ ತೆರೆದ ಟಿಕೆಟ್ ಹಳೆಯ ಗುರಿಯಲ್ಲೇ ಮುಂದುವರಿಯುತ್ತದೆ. ಹೊಸ ಗುರಿ ಬೇಕಿದ್ದರೆ ಹೊಸ ಟಿಕೆಟ್ ತೆರೆಯಿರಿ. ಇಳಿಸಿದರೆ ತಿಂಗಳ ಕೊನೆಗೆ ಜಾರಿ.