ಕುಂಜಿಬೆಟ್ಟು ಮನೆಯ ಕ್ರಯಪತ್ರದ ಕರಡು: ಜತೆ ಪತ್ರ

ಉಡುಪಿ
12-01-2026

ಮಾನ್ಯ ಸುಧಾಕರ ಅವರಿಗೆ,

ನಮಸ್ಕಾರ. ಕುಂಜಿಬೆಟ್ಟಿನ 12 ಸೆಂಟ್ಸ್ ಜಾಗ ಮತ್ತು ಹಂಚಿನ ಮನೆಯ ಕ್ರಯಪತ್ರದ ಕರಡನ್ನು ಇದರೊಂದಿಗೆ ಕಳಿಸಿದ್ದೇನೆ. ಬಿಡುವು ಮಾಡಿಕೊಂಡು ಓದಿ. ಹೆಸರು, ತಂದೆಯ ಹೆಸರು, ಪ್ಯಾನ್ ಮತ್ತು ಆಧಾರ್ ಸಂಖ್ಯೆಗಳನ್ನು ಒಂದೊಂದು ಅಕ್ಷರ ನೋಡಬೇಕು. ನೋಂದಣಿ ಆದ ಮೇಲೆ ಒಂದು ಅಕ್ಷರ ತಿದ್ದಲಿಕ್ಕೂ ಎಲ್ಲರೂ ಮತ್ತೆ ಬಂದು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ.

ಮಾರುವವರು ಒಬ್ಬರಲ್ಲ, ಮೂವರು: ಅಮ್ಮ, ಅವರ ಮಗ ಮತ್ತು ಮಗಳು. ಅಮ್ಮನ ಹೆಸರಿನಲ್ಲಿ ಖಾತೆ ಇದೆಯಲ್ಲ, ಅವರೊಬ್ಬರ ಸಹಿ ಸಾಲದೇ ಎಂದು ನೀವು ಕೇಳಿದ್ದಿರಿ. ಸಾಲದು. 1978ರ ವಿಭಾಗಪತ್ರ ಅಳಿಯಸಂತಾನ ಕುಟುಂಬದ್ದು. ಜಾಗ ಬಂದದ್ದು ಅವರಿಗೂ ಅವರ ಕವರಿಗೂ, ಅಂದರೆ ಅವರ ಮಕ್ಕಳಿಗೂ ಹೆಣ್ಣುಮಕ್ಕಳ ಸಂತತಿಗೂ ಸೇರಿ. ಆದ್ದರಿಂದ ಮಗ, ಮಗಳು ಇಬ್ಬರೂ ಸಹಿ ಹಾಕಲೇಬೇಕು. ಮಗಳಿಗೆ ಮಕ್ಕಳಿಲ್ಲ; ಇದ್ದಿದ್ದರೆ ಅವರನ್ನೂ ಸೇರಿಸಿಕೊಳ್ಳಬೇಕಿತ್ತು.

ಮಗ ಮುಂಬಯಿಯಲ್ಲಿದ್ದಾರೆ. ಅವರು ಕಳಿಸಿದ ಮುಖ್ತಾರುನಾಮೆ ನೋಟರಿ ಎದುರು ಮಾಡಿಸಿದ್ದು. ಅದನ್ನು ನಂಬಿ ನಾನು ಮುಂದುವರಿಯಲಾರೆ. ಅವರ ವಾಸದ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಎದುರು ದೃಢೀಕರಿಸಿದ ಮುಖ್ತಾರುನಾಮೆ ಬರಬೇಕು, ಇಲ್ಲವೇ ಅವರೇ ಬರಬೇಕು. ಮತ್ಸ್ಯಗಂಧ ಹತ್ತಿದರೆ ಮರುದಿನ ಉಡುಪಿಯಲ್ಲಿ ಇಳಿಯಬಹುದು; ಅದೇ ಒಳ್ಳೆಯದು ಎಂದು ಅವರ ಅಮ್ಮನಿಗೂ ಹೇಳಿದ್ದೇನೆ. ಇದು ತೀರ್ಮಾನ ಆಗುವವರೆಗೆ ಎರಡನೇ ಕಂತು ಕೊಡಬೇಡಿ.

ನಾನು ನೋಡಿ ಒಪ್ಪಿದ ದಾಖಲೆಗಳು: 1978ರ ವಿಭಾಗಪತ್ರ, ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಏಕನಿವೇಶನ ಅನುಮೋದನೆ, ನಗರಸಭೆಯ ಇ-ಖಾತಾ, ಈ ವರ್ಷದ ಮನೆ ತೆರಿಗೆ ರಸೀದಿ. ಋಣಭಾರ ಪತ್ರದಲ್ಲಿ 2004ರ ನಂತರದ್ದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆದೆ, ಹಿಂದಿನದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿದೆ. ಅದರಲ್ಲಿ ಒಂದು ಸಹಕಾರಿ ಸೊಸೈಟಿಯ ಅಡವು ಕಾಣುತ್ತದೆ, ಬಾಕಿ 9,70,000 ರೂಪಾಯಿ. ಇನ್ನೂ ಬರಬೇಕಾದದ್ದು ಎರಡೇ: ಅಡವು ಬಿಡುಗಡೆ ಪತ್ರ, ಮತ್ತು ನಾನು ಮೇಲೆ ಹೇಳಿದ ಮುಂಬಯಿಯ ಕಾಗದ.

ಹಣ ಒಟ್ಟು 64,00,000. ನವೆಂಬರಿನಲ್ಲಿ ಕರಾರಿನ ದಿನ ಕೊಟ್ಟ ಮುಂಗಡ 5,00,000. ಅದರ ಟಿಡಿಎಸ್ 5,000 ಕಟ್ಟಿದ್ದೀರಿ, ರಸೀದಿ ನನ್ನಲ್ಲಿದೆ. ಎರಡನೇ ಕಂತು 15,00,000. ಅದರಲ್ಲಿ 15,000 ಟಿಡಿಎಸ್ ಹಿಡಿದು, 9,70,000ವನ್ನು ನೇರ ಸೊಸೈಟಿಯ ಸಾಲದ ಖಾತೆಗೆ, ಉಳಿದ 5,15,000ವನ್ನು ಅಮ್ಮನ ಖಾತೆಗೆ ಹಾಕಿ. ಸಾಲದ ಹಣವನ್ನು ಅವರ ಕೈಗೆ ಕೊಟ್ಟು 'ನೀವೇ ಕಟ್ಟಿ' ಎನ್ನುವುದು ಬೇಡ. ಅವರು ಒಳ್ಳೆಯವರೇ, ಆದರೂ ಮೂಲಪತ್ರ ಸೊಸೈಟಿಯ ಕಪಾಟಿನಿಂದ ಹೊರಗೆ ಬರುವುದು ನಮಗೆ ಮುಖ್ಯ. ಕೊನೆಯ ಕಂತು 44,00,000, ನೋಂದಣಿಯ ದಿನ: ನಿಮ್ಮ ಬ್ಯಾಂಕಿನ ಡಿಡಿ 38,00,000, ಆರ್‌ಟಿಜಿಎಸ್ 5,56,000, ಟಿಡಿಎಸ್ 44,000. ಮಾರುವವರು ಮೂವರಾದ್ದರಿಂದ ಟಿಡಿಎಸ್ ಕಟ್ಟುವ ಫಾರ್ಮ್ 26QB ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ; ಹಣ ಕೊಟ್ಟ ತಿಂಗಳು ಮುಗಿದು 30 ದಿನದೊಳಗೆ ತುಂಬಬೇಕು. ನಗದಿನ ಮಾತು ಯಾರು ಎತ್ತಿದರೂ ಒಪ್ಪಬೇಡಿ.

ಸರಕಾರಕ್ಕೆ ಕಟ್ಟುವುದು ಬೇರೆ. ಮಾರ್ಗಸೂಚಿ ದರದ ಲೆಕ್ಕ ನಿಮ್ಮ ಕ್ರಯಕ್ಕಿಂತ ಕಡಿಮೆ ಇರುವುದರಿಂದ ಕ್ರಯದ ಮೇಲೆಯೇ ಲೆಕ್ಕ: ಮುದ್ರಾಂಕ ಶುಲ್ಕ 3,20,000, ಸೆಸ್ 32,000, ಸರ್ಚಾರ್ಜ್ 6,400, ನೋಂದಣಿ ಶುಲ್ಕ 1,28,000. ಒಟ್ಟು 4,86,400. ನೋಂದಣಿ ಶುಲ್ಕ ಕಳೆದ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಮೊದಲು ನಾನು ಹೇಳಿದ್ದ ಅಂದಾಜಿಗಿಂತ ಹೆಚ್ಚಾಗಿರುವುದು ಅದರಿಂದಲೇ.

ನೀವು ಕರಡು ಒಪ್ಪಿದ ಮೇಲೆ ಅದನ್ನು ಕಾವೇರಿ 2.0ಗೆ ಹಾಕುತ್ತೇನೆ. ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದರೆ ಹಣ ಕಟ್ಟಿ ಸಮಯ ಗೊತ್ತು ಮಾಡುವುದು. 29ರ ಗುರುವಾರಕ್ಕೆ ಪ್ರಯತ್ನಿಸುತ್ತೇನೆ. ಆ ದಿನ ಎಲ್ಲರೂ ಮೂಲ ಆಧಾರ್, ಪ್ಯಾನ್ ತರಬೇಕು, ಇಬ್ಬರು ಸಾಕ್ಷಿಗಳೂ ಬೇಕು. ಫೋಟೊ, ಹೆಬ್ಬೆಟ್ಟು ಅಲ್ಲಿಯೇ ತೆಗೆಯುತ್ತಾರೆ. ಡಿಡಿ ಅಮ್ಮನ ಕೈ ಸೇರುವುದು ಮೂವರ ಸಹಿಯೂ ಆದ ಮೇಲೆ. ನಂತರ ನಗರಸಭೆಯಲ್ಲಿ ಖಾತೆ ಬದಲಾವಣೆಯ ಅರ್ಜಿ ನಾನೇ ಕೊಡುತ್ತೇನೆ.

ಕರಡಿನ 9ನೇ ಕಲಮನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಒಳಕೋಣೆಯಲ್ಲಿರುವ ದೈವದ ಮಂಚ, ಮಣೆಗಳನ್ನು ಮಾರುವವರು ಸ್ವಾಧೀನ ಕೊಡುವ ಮೊದಲು ತಮ್ಮ ಕುಟುಂಬದ ಮನೆಗೆ ಒಯ್ಯುತ್ತಾರೆ. ಆ ಅಮ್ಮ ಇದನ್ನು ಕೇಳುವಾಗ ಅವರ ಕಣ್ಣು ತುಂಬಿತ್ತು. ದಿನ ನೋಡಿ ಮಾಡಲು ಅವರಿಗೆ ನೋಂದಣಿಯಿಂದ 15 ದಿನ ಬರೆದಿದ್ದೇನೆ, ಕೀಲಿಕೈ ಅದಾದ ಮೇಲೆ. ಬಡಗು ಬದಿಯ ಮನೆಯವರ ಕಾಲುದಾರಿ 1978ರ ಪತ್ರದಲ್ಲೇ ಇದೆ. 6ನೇ ಕಲಮಿನಲ್ಲಿ ಹಾಗೆಯೇ ಉಳಿಸಿದ್ದೇನೆ. ಅಲ್ಲಿ ಕಂಪೌಂಡ್ ಕಟ್ಟುವ ಯೋಚನೆ ಇದ್ದರೆ ಈಗಲೇ ಹೇಳಿ.

ತಿದ್ದುವುದಿದ್ದರೆ ಶನಿವಾರದೊಳಗೆ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿ. ಮಧ್ಯಾಹ್ನ 3ರ ನಂತರ ಕಚೇರಿಯಲ್ಲಿ ಇರುತ್ತೇನೆ.

ಇತಿ,
ರಾಜಶ್ರೀ
ವಕೀಲೆ

ಲಗತ್ತು: ಕ್ರಯಪತ್ರದ ಕರಡು, ದಾಖಲೆಗಳ ನಕಲು